ಓಟ್ಸ್‌ನಲ್ಲಿಲ್ಲದ ಗ್ಲುಟೆನ್ ಪ್ಯಾಕೆಟ್ಟಿಗೆ ಎಲ್ಲಿಂದ ಬಂತು?

ಓಟ್ಸ್ ಪ್ಯಾಕೆಟ್ಟಿನ ಹಿಂಬದಿ ಓದುವ ಅಭ್ಯಾಸವಿದ್ದವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿದ್ದಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಇರುವುದು ಒಂದೇ ಹೆಸರು, ಓಟ್ಸ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: 'ಗೋಧಿ ಇರಬಹುದು' ಅಥವಾ 'ಗ್ಲುಟೆನ್ ಇದೆ'. ಓಟ್ಸ್ ಬಿಟ್ಟು ಬೇರೇನೂ ಹಾಕಿಲ್ಲವೆಂದ ಮೇಲೆ ಗೋಧಿ ಎಲ್ಲಿಂದ ಬಂತು? ಹೆಚ್ಚಿನವರು ಈ ಸಾಲನ್ನು ಓದಿ ಮುಂದೆ ಹೋಗಬಹುದು. ಸೀಲಿಯಾಕ್ ಕಾಯಿಲೆ ಇರುವವರು ಹಾಗೆ ಹೋಗುವಂತಿಲ್ಲ.

ಸೀಲಿಯಾಕ್ ಎಂಬುದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಒಂದು ಬಗೆಯ ಪ್ರೋಟೀನುಗಳನ್ನು ಒಟ್ಟಾಗಿ ಗ್ಲುಟೆನ್ ಎನ್ನುತ್ತಾರೆ. ಸೀಲಿಯಾಕ್ ಇರುವವರ ಹೊಟ್ಟೆಗೆ ಗ್ಲುಟೆನ್ ಹೋದರೆ ಅವರ ರೋಗನಿರೋಧಕ ವ್ಯವಸ್ಥೆ ಕೆರಳಿ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ಬೆರಳಿನಾಕಾರದ ಸೂಕ್ಷ್ಮ ಚಾಚುಗಳಿರುತ್ತವೆ. ಆಹಾರದ ಸಾರವನ್ನು ಹೀರುವುದು ಅವುಗಳ ಕೆಲಸ. ದಾಳಿ ಮುಂದುವರಿದಂತೆ ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ನುಗಳು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆ ಉಬ್ಬರ, ರಕ್ತಹೀನತೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಹೀಗೆ ಬರುತ್ತವೆ. ಇದಕ್ಕೆ ಮಾತ್ರೆಯಿಲ್ಲ. ಗ್ಲುಟೆನ್ ಇರುವ ಆಹಾರವನ್ನು ಜೀವನಪೂರ್ತಿ ಬಿಡುವುದೊಂದೇ ಚಿಕಿತ್ಸೆ.

ಧಾನ್ಯದ ಮಟ್ಟಿಗೆ ಉತ್ತರ

ಓಟ್ಸ್ ಈ ಮೂರು ಧಾನ್ಯಗಳ ಗುಂಪಿಗೆ ಸೇರುತ್ತದೆಯೇ ಎಂಬ ಪ್ರಶ್ನೆ ವೈದ್ಯರನ್ನು ದಶಕಗಳ ಕಾಲ ಕಾಡಿತು. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್‌ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕೆ. 1950ರ ದಶಕದಲ್ಲಿ ಅವರು ಮತ್ತು ಅವರ ಸಂಗಡಿಗರು ಮಾಡಿದ ನಿಷಿದ್ಧ ಧಾನ್ಯಗಳ ಪಟ್ಟಿಯಲ್ಲಿ ಓಟ್ಸ್ ಕೂಡ ಇತ್ತು. ಅಲ್ಲಿಂದ ಮುಂದೆ ಸೀಲಿಯಾಕ್ ರೋಗಿಗಳಿಗೆ ಓಟ್ಸ್ ಬೇಡವೆನ್ನುವುದೇ ವಾಡಿಕೆಯಾಯಿತು.

ಆ ವಾಡಿಕೆ ಅಲುಗಾಡಿದ್ದು 1995ರಲ್ಲಿ. ಫಿನ್‌ಲೆಂಡಿನ ಸಂಶೋಧಕರು ಸೀಲಿಯಾಕ್ ಇರುವ ವಯಸ್ಕರ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಸುಮಾರು 50 ಗ್ರಾಂ ಓಟ್ಸ್ ಕೊಟ್ಟರು. ಇನ್ನೊಂದು ಗುಂಪು ಓಟ್ಸ್ ಇಲ್ಲದ ಪಥ್ಯದಲ್ಲೇ ಮುಂದುವರಿಯಿತು. ಆರರಿಂದ ಹನ್ನೆರಡು ತಿಂಗಳ ನಂತರ ಕರುಳಿನ ತುಣುಕು ತೆಗೆದು ನೋಡಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಓಟ್ಸ್ ತಿಂದವರ ಕರುಳೂ ಉಳಿದವರದಷ್ಟೇ ಚೆನ್ನಾಗಿತ್ತು.

ಕಾರಣ ಓಟ್ಸ್‌ನ ಪ್ರೋಟೀನಿನಲ್ಲೇ ಇದೆ. ಗೋಧಿಯ ಪ್ರೋಟೀನಿನಲ್ಲಿ ಮುಕ್ಕಾಲು ಪಾಲಿನಷ್ಟು ಗ್ಲುಟೆನ್. ಓಟ್ಸ್‌ನಲ್ಲಿ ಅದರ ದೂರದ ನಂಟಿನ ಅವೆನಿನ್ ಎಂಬ ಪ್ರೋಟೀನ್ ಇದೆ. ಅದು ಒಟ್ಟು ಪ್ರೋಟೀನಿನ ಹತ್ತು ಹದಿನೈದು ಪಾಲು ಮಾತ್ರ, ರಚನೆಯೂ ಬೇರೆ. ರೋಗನಿರೋಧಕ ಕಣಗಳನ್ನು ಕೆರಳಿಸುವ ತುಣುಕುಗಳು ಅದರಲ್ಲಿ ತೀರ ಕಡಿಮೆ. ಹಾಗಾಗಿ ಸೀಲಿಯಾಕ್ ಇರುವ ಬಹುಪಾಲು ಜನ ಶುದ್ಧ ಓಟ್ಸನ್ನು ತಿಂದು ಜೀರ್ಣಿಸಿಕೊಳ್ಳಬಲ್ಲರು. ತೊಡಕಿರುವುದು 'ಶುದ್ಧ' ಎಂಬ ಆ ಮಾತಿನಲ್ಲಿ.

ಹೊಲದಿಂದ ಗಿರಣಿಯವರೆಗೆ

ಓಟ್ಸ್ ತಂಪು ಹವೆಯ ಬೆಳೆ. ಕೆನಡಾ, ಉತ್ತರ ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಅದನ್ನು ಬೆಳೆಯುವ ರೈತರೇ ಗೋಧಿಯನ್ನೂ ಬಾರ್ಲಿಯನ್ನೂ ಬೆಳೆಯುತ್ತಾರೆ. ಒಂದೇ ಹೊಲದಲ್ಲಿ ಒಂದು ವರ್ಷ ಗೋಧಿ, ಮರುವರ್ಷ ಓಟ್ಸ್ ಹಾಕಿ ಬೆಳೆ ಬದಲಿಸುವುದು ಮಣ್ಣಿಗೂ ಒಳ್ಳೆಯದು. ಹಿಂದಿನ ವರ್ಷ ಉದುರಿದ ಗೋಧಿ ಕಾಳು ಈ ವರ್ಷ ಓಟ್ಸ್ ಪೈರಿನ ನಡುವೆ ತಾನಾಗಿ ಮೊಳೆತು ತೆನೆ ಬಿಡುತ್ತದೆ. ಕಟಾವಿನ ಯಂತ್ರಕ್ಕೆ ಎರಡೂ ಒಂದೇ. ಆ ಯಂತ್ರವೂ ಹಿಂದಿನ ದಿನ ಪಕ್ಕದ ಬಾರ್ಲಿ ಹೊಲದಲ್ಲಿ ಓಡಿದ್ದಿರಬಹುದು. ಅದರ ಸಂದುಗೊಂದುಗಳಲ್ಲಿ ಉಳಿದ ಕಾಳು ಓಟ್ಸ್ ರಾಶಿಗೆ ಬೀಳುತ್ತದೆ. ಆಮೇಲೆ ಲಾರಿ, ಗೋದಾಮು, ರೈಲು ವ್ಯಾಗನ್, ಹಡಗು, ಗಿರಣಿ. ಪ್ರತಿ ಹಂತದಲ್ಲೂ ಹಿಂದಿನ ಸರಕು ಏನಿತ್ತು ಎನ್ನುವುದು ಮುಖ್ಯವಾಗುತ್ತದೆ.

ಇದು ಯಾರದೂ ಮೋಸವಲ್ಲ. ಧಾನ್ಯದ ವ್ಯಾಪಾರದಲ್ಲಿ ಸ್ವಲ್ಪ ಪ್ರಮಾಣದ ಬೇರೆ ಕಾಳು ಸೇರಿರುವುದನ್ನು ಎಲ್ಲರೂ ಒಪ್ಪುತ್ತಾರೆ. ಗಂಜಿ ಕುಡಿಯುವ ಸಾಮಾನ್ಯರಿಗೆ ಅದರಿಂದ ತೊಂದರೆಯೂ ಇಲ್ಲ. ಆದರೆ ಅಂಥ ಓಟ್ಸ್‌ನಲ್ಲಿ ಎಷ್ಟು ಗ್ಲುಟೆನ್ ಇದ್ದೀತು ಎಂದು ಅಳೆದು ನೋಡಿದವರು ಬೆಚ್ಚಿಬಿದ್ದರು. 2004ರಲ್ಲಿ ಅಮೆರಿಕದ ಆಹಾರತಜ್ಞೆ ಟ್ರಿಶಿಯಾ ಥಾಮ್ಸನ್ ಮೂರು ಬ್ರ್ಯಾಂಡುಗಳ ಒಟ್ಟು 12 ಪ್ಯಾಕೆಟ್ ಓಟ್ಸ್ ಪರೀಕ್ಷಿಸಿದಾಗ ಮಿತಿಯೊಳಗೆ ಇದ್ದದ್ದು 3 ಮಾತ್ರ. ಕೆನಡಾದಲ್ಲಿ 2011ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಸಮೀಕ್ಷೆಯಲ್ಲಿ 133 ಮಾದರಿಗಳ ಪೈಕಿ ನೂರಕ್ಕೆ 88ರಷ್ಟು ಮಿತಿ ಮೀರಿದ್ದವು. ಮಿತಿ ಎಂದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಗ್ಲುಟೆನ್, ಅಂದರೆ 20 ಪಿಪಿಎಂ. ಅಂತರರಾಷ್ಟ್ರೀಯ ಆಹಾರ ಸಂಹಿತೆಯೂ ನಮ್ಮ ಎಫ್‌ಎಸ್‌ಎಸ್‌ಎಐ ಕೂಡ 'ಗ್ಲುಟೆನ್ ಫ್ರೀ' ಎಂದು ಬರೆಯಲು ಇದೇ ಗೆರೆಯನ್ನು ಎಳೆದಿವೆ.

ಒಂದು ಕಾಳಿನ ಲೆಕ್ಕ

ಈ 20 ಪಿಪಿಎಂ ಎಷ್ಟು ಸಣ್ಣದು ಎಂಬುದನ್ನು ಒಂದು ಪ್ಯಾಕೆಟ್ ಮುಂದಿಟ್ಟುಕೊಂಡು ನೋಡೋಣ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲು ಗ್ಲುಟೆನ್. ಅಂದರೆ ಕಾಳಿಗೆ 4 ಮಿಲಿಗ್ರಾಂ. ಒಂದು ಕಿಲೋ ಓಟ್ಸ್‌ನಲ್ಲಿ 20 ಮಿಲಿಗ್ರಾಂವರೆಗೆ ಇರಬಹುದಾದ್ದರಿಂದ, ಇಡೀ ಪ್ಯಾಕೆಟ್ಟಿಗೆ ಐದು ಗೋಧಿ ಕಾಳಿನಷ್ಟೇ ರಿಯಾಯಿತಿ. ಒಂದು ಕಿಲೋದಲ್ಲಿ ಸಿಪ್ಪೆ ತೆಗೆದ ಓಟ್ಸ್ ಕಾಳುಗಳು ಹೆಚ್ಚುಕಡಿಮೆ 35 ಸಾವಿರ ಇರುತ್ತವೆ. ಏಳು ಸಾವಿರಕ್ಕೆ ಒಂದು ಗೋಧಿ ಕಾಳು ಸೇರಿದರೆ ಗೆರೆ ಮುಟ್ಟಿದಂತೆ.

ಈಗ ಆ ಪ್ಯಾಕೆಟ್ಟನ್ನು ದಿನಕ್ಕೆ 40 ಗ್ರಾಂನಂತೆ 25 ದಿನ ಉಂಡರು ಎಂದುಕೊಳ್ಳಿ. ಐದು ಕಾಳುಗಳು 25 ಬಟ್ಟಲಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಯಾವುದೋ ಐದು ಬಟ್ಟಲಿಗೆ ಒಂದೊಂದು ಬೀಳುತ್ತದೆ, ಉಳಿದ ಇಪ್ಪತ್ತರಲ್ಲಿ ಏನೂ ಇರುವುದಿಲ್ಲ. ಕಾಳು ಬಿದ್ದ ಬಟ್ಟಲಿನಲ್ಲಿ ಮಾತ್ರ 40 ಗ್ರಾಂಗೆ 4 ಮಿಲಿಗ್ರಾಂ, ಅಂದರೆ 100 ಪಿಪಿಎಂ. ಪ್ಯಾಕೆಟ್ಟಿನ ಸರಾಸರಿ ನಿಯಮದೊಳಗೇ ಇದೆ, ಆದರೆ ಆ ದಿನದ ಬಟ್ಟಲು ನಿಯಮದ ಐದು ಪಟ್ಟು. ಅಕ್ಕಿಯಲ್ಲಿನ ಕಲ್ಲಿನಂತೆ ಇದು. ಮೂಟೆಗೆ ಇಷ್ಟೇ ಕಲ್ಲು ಎಂಬ ಸರಾಸರಿ, ಕಲ್ಲು ಕಚ್ಚಿದವರ ಹಲ್ಲಿಗೆ ಸಮಾಧಾನ ಕೊಡುವುದಿಲ್ಲ.

ಹಾಗೆಂದು ಒಂದು ಕಾಳು ತಿಂದ ಕೂಡಲೇ ಕರುಳು ಕೆಡುತ್ತದೆ ಎಂದಲ್ಲ. 2007ರಲ್ಲಿ ಇಟಲಿಯ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನನ್ನು ಮೂರು ತಿಂಗಳು ತಿಂದವರ ಕರುಳಿನಲ್ಲಿ ಹಾನಿ ಕಾಣಿಸಿತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ಅಪಾಯವಿಲ್ಲ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ನಿಯಮದೊಳಗಿನ ಪ್ಯಾಕೆಟ್ ಈ ಲೆಕ್ಕದಲ್ಲಿ ಪಾರಾಗುತ್ತದೆ. ಪಾರಾಗದೆ ಇರುವುದು ಗೋಧಿ, ಬಾರ್ಲಿಗಳ ಜೊತೆ ಓಡಾಡಿ ಬಂದ ಸಾಮಾನ್ಯ ಓಟ್ಸ್. ಥಾಮ್ಸನ್ ಪರೀಕ್ಷಿಸಿದ ಪ್ಯಾಕೆಟ್ಟುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದರಲ್ಲಿ 1807 ಪಿಪಿಎಂ ಇತ್ತು. ಅದರ 40 ಗ್ರಾಂ ಬಟ್ಟಲಿನಲ್ಲಿ 72 ಮಿಲಿಗ್ರಾಂ ಗ್ಲುಟೆನ್, ಹದಿನೆಂಟು ಗೋಧಿ ಕಾಳಿಗೆ ಸಮ. ಅದೇ ಬ್ರ್ಯಾಂಡಿನ ಬೇರೆ ಪ್ಯಾಕೆಟ್ಟಿನಲ್ಲಿ ಪ್ರಮಾಣ ಬೇರೆಯೇ ಇತ್ತು. ಆದ್ದರಿಂದ ಹೋದ ತಿಂಗಳ ಪ್ಯಾಕೆಟ್ ಚೆನ್ನಾಗಿತ್ತು ಎನ್ನುವುದು ಈ ತಿಂಗಳಿನದಕ್ಕೆ ಸಾಕ್ಷಿಯಾಗುವುದಿಲ್ಲ.

ಪರೀಕ್ಷೆ ಮಾಡಿದರೆ ಸಾಲದೆ?

ಕಾಳಿನ ಈ ಹಂಚಿಕೆಯೇ ಪ್ರಯೋಗಾಲಯದವರನ್ನೂ ಸೋಲಿಸುತ್ತದೆ. ಮೇಲಿನ ಪ್ಯಾಕೆಟ್ಟಿನಿಂದ 100 ಗ್ರಾಂ ತೆಗೆದು ಪುಡಿಮಾಡಿ ಪರೀಕ್ಷಿಸಿದರೆ ಏನಾದೀತು? ಐದು ಕಾಳುಗಳಲ್ಲಿ ಪ್ರತಿಯೊಂದೂ ಆ 100 ಗ್ರಾಂಗೆ ಸಿಕ್ಕಿಬೀಳುವ ಸಾಧ್ಯತೆ ಹತ್ತರಲ್ಲಿ ಒಂದು. ಒಂದೂ ಸಿಗದೆ ಹೋಗುವ ಸಾಧ್ಯತೆ ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು 59. ಅಂದರೆ ಹತ್ತರಲ್ಲಿ ಆರು ಬಾರಿ ವರದಿ 'ಗ್ಲುಟೆನ್ ಇಲ್ಲ' ಎನ್ನುತ್ತದೆ. ಒಂದು ಕಾಳು ಸಿಕ್ಕರೂ ಸಾಕು, ಅದೇ ಪ್ಯಾಕೆಟ್ 40 ಪಿಪಿಎಂ ತೋರಿಸಿ ನಪಾಸಾಗುತ್ತದೆ. ಪ್ರಯೋಗಾಲಯ ಕೊನೆಯಲ್ಲಿ ನಿಜವಾಗಿ ಅಳೆಯುವುದು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ ಪುಡಿಯನ್ನು. ಆ ಪುಡಿ ಎಷ್ಟು ದೊಡ್ಡ ರಾಶಿಯಿಂದ, ಎಷ್ಟು ಕಡೆಯಿಂದ ತೆಗೆದದ್ದು, ಎಷ್ಟು ನುಣ್ಣಗೆ ಬೆರೆಸಿದ್ದು ಎಂಬುದರ ಮೇಲೆ ಫಲಿತಾಂಶದ ಬೆಲೆ ನಿಂತಿದೆ.

ಆದ್ದರಿಂದ ಒಳ್ಳೆಯ ತಯಾರಕರು ಕೊನೆಯ ಪರೀಕ್ಷೆಯೊಂದನ್ನೇ ನಂಬಿ ಕೂರುವುದಿಲ್ಲ. ಅವರಿಗೆ ಎರಡು ದಾರಿಗಳಿವೆ. ಮೊದಲನೆಯದು ಬೆರಕೆಯೇ ಆಗದಂತೆ ಕಾಯುವುದು. ಬಿತ್ತನೆ ಬೀಜ ಶುದ್ಧವಾಗಿರಬೇಕು, ಹೊಲದಲ್ಲಿ ಹಿಂದಿನ ಕೆಲವು ವರ್ಷ ಗೋಧಿ, ಬಾರ್ಲಿ, ರೈ ಬೆಳೆದಿರಬಾರದು, ಸುತ್ತಲೂ ಅಂತರ ಬಿಟ್ಟಿರಬೇಕು, ಪೈರಿನ ನಡುವೆ ಬೇರೆ ಗಿಡ ಎದ್ದಿದ್ದರೆ ಕಿತ್ತು ಹಾಕಬೇಕು. ಕಟಾವಿನ ಯಂತ್ರ, ಲಾರಿ, ಗೋದಾಮುಗಳನ್ನು ಓಟ್ಸ್‌ಗೆಂದೇ ಮೀಸಲಿಡಬೇಕು, ಇಲ್ಲವೇ ಪೂರ್ತಿ ಸ್ವಚ್ಛ ಮಾಡಬೇಕು. ಇದು ದುಬಾರಿ. ಎರಡನೆಯ ದಾರಿಯಲ್ಲಿ ಸಾಮಾನ್ಯ ಓಟ್ಸನ್ನು ಕೊಂಡು ಗಿರಣಿಯಲ್ಲಿ ಯಂತ್ರಗಳಿಂದ ಬೇರೆ ಕಾಳುಗಳನ್ನು ಆರಿಸಿ ತೆಗೆಯುತ್ತಾರೆ. ಉದ್ದ, ದಪ್ಪ, ತೂಕ, ಬಣ್ಣ ನೋಡಿ ಯಂತ್ರ ವಿಂಗಡಿಸುತ್ತದೆ. ಗೋಧಿ ಕಾಳು ಓಟ್ಸ್‌ಗಿಂತ ಗಿಡ್ಡ, ಹಾಗಾಗಿ ಸುಲಭವಾಗಿ ಬೇರೆಯಾಗುತ್ತದೆ. ಬಾರ್ಲಿ ಕಾಳು ಆಕಾರದಲ್ಲಿ ಓಟ್ಸ್‌ಗೆ ಹತ್ತಿರವಿರುವುದರಿಂದ ತಪ್ಪಿಸಿಕೊಳ್ಳುವುದು ಹೆಚ್ಚು. ಆರಿಸುವ ಕೆಲಸ ಏನಿದ್ದರೂ ಕಾಳು ಇಡಿಯಾಗಿರುವಾಗಲೇ ಮುಗಿಯಬೇಕು. ಹಬೆಯಲ್ಲಿ ಬೆಂದು, ರೋಲರಿನಡಿ ಚಪ್ಪಟೆಯಾದ ಮೇಲೆ ಯಾವುದು ಓಟ್ಸ್, ಯಾವುದು ಬಾರ್ಲಿ ಎಂದು ಕಣ್ಣಿಗೆ ತಿಳಿಯುವುದು ಕಷ್ಟ. ಮನೆಯಲ್ಲಿ ತೊಳೆದರೂ ಹುರಿದರೂ ಬೇಯಿಸಿದರೂ ಗ್ಲುಟೆನ್ ಹೋಗುವುದಿಲ್ಲ.

ಲೋಡಿಯಲ್ಲಿ ನಡೆದದ್ದು

ಎಲ್ಲ ಎಚ್ಚರದ ನಡುವೆಯೂ ಸರಪಳಿಯ ಒಂದು ಕೊಂಡಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2015ರ ಒಂದು ಘಟನೆ ಸಾಕ್ಷಿ. ಅಮೆರಿಕದ ಜನರಲ್ ಮಿಲ್ಸ್ ಕಂಪನಿ ಆ ವರ್ಷ ತನ್ನ ಪ್ರಸಿದ್ಧ ಚೀರಿಯೋಸ್ ಎಂಬ ಓಟ್ಸ್ ತಿಂಡಿಯನ್ನು 'ಗ್ಲುಟೆನ್ ಫ್ರೀ' ಎಂದು ಮಾರಾಟಕ್ಕೆ ತಂದಿತು. ಯಂತ್ರಗಳಿಂದ ಆರಿಸಿದ ಓಟ್ಸ್‌ನ ಹಿಟ್ಟು ರೈಲಿನಲ್ಲಿ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ಲೋಡಿ ಎಂಬಲ್ಲಿನ ಕಾರ್ಖಾನೆಗೆ ಕೆಲವು ದಿನ ರೈಲು ಸಂಪರ್ಕ ನಿಂತಾಗ ಹಿಟ್ಟನ್ನು ವ್ಯಾಗನ್‌ಗಳಿಂದ ಲಾರಿಗಳಿಗೆ ವರ್ಗಾಯಿಸಿ ತರಬೇಕಾಯಿತು. ಆ ದಿನಗಳಲ್ಲೇ ಯಾರದೋ ಕೈತಪ್ಪಿನಿಂದ ಗ್ಲುಟೆನ್ ರಹಿತ ಓಟ್ಸ್ ಹಿಟ್ಟಿನ ವ್ಯವಸ್ಥೆಯೊಳಗೆ ಗೋಧಿ ಹಿಟ್ಟು ಸೇರಿಕೊಂಡಿತು. ಕಂಪನಿ ಅಕ್ಟೋಬರಿನಲ್ಲಿ ಸುಮಾರು 18 ಲಕ್ಷ ಪೊಟ್ಟಣಗಳನ್ನು ಮಾರುಕಟ್ಟೆಯಿಂದ ಹಿಂದೆ ಪಡೆಯಿತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆಗ 36 ಮಾದರಿಗಳನ್ನು ಪರೀಕ್ಷಿಸಿತ್ತು. ಮಿತಿ ಮೀರಿದ್ದು ಒಂದೇ ಒಂದು, ಲೋಡಿಯಲ್ಲಿ ತಯಾರಾದದ್ದು. ಅದರಲ್ಲಿ 43 ಪಿಪಿಎಂ ಇತ್ತು. ಹೊಲ ತಪ್ಪಿರಲಿಲ್ಲ, ಆರಿಸುವ ಯಂತ್ರವೂ ತಪ್ಪಿರಲಿಲ್ಲ. ಸಾಗಣೆಯ ದಾರಿ ಬದಲಾದದ್ದಷ್ಟೇ ಸಾಕಾಯಿತು. ಮುಂದೆ ಕೆನಡಾದಲ್ಲಿ ಕಂಪನಿ ತಾನಾಗಿಯೇ 2018ರ ಆರಂಭದಿಂದ ಚೀರಿಯೋಸ್ ಪೊಟ್ಟಣದ ಮೇಲಿನ ಆ ಮಾತನ್ನು ಕೈಬಿಟ್ಟಿತು.

ನಮ್ಮ ಅಂಗಡಿಯಲ್ಲಿ ಏನು ನೋಡಬೇಕು?

ಸೀಲಿಯಾಕ್ ಉತ್ತರ ಭಾರತದವರ ಕಾಯಿಲೆ ಎಂಬ ಮಾತಿದೆ. 2016ರಲ್ಲಿ ಪ್ರಕಟವಾದ ಬಹುರಾಜ್ಯ ಅಧ್ಯಯನದ ಪ್ರಕಾರ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಷ್ಟು ವಯಸ್ಕರ ರಕ್ತದಲ್ಲಿ ಇದರ ಪ್ರತಿಕಾಯಗಳು ಕಂಡುಬಂದವು. ಆದರೆ ಈ ಕಾಯಿಲೆಗೆ ಎಡೆಮಾಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಸಾಮಾನ್ಯ. ಎದ್ದು ಕಾಣುವ ವ್ಯತ್ಯಾಸ ದಿನಕ್ಕೆ ತಿನ್ನುವ ಗೋಧಿಯದು. ರೋಗ ಅಪರೂಪವಾದ್ದರಿಂದ ನಮ್ಮ ಕಡೆ ಅದರ ಅರಿವೂ ಕಡಿಮೆ. 'ಚಪಾತಿ ಬಿಟ್ಟು ಓಟ್ಸ್ ತಿನ್ನಿ' ಎಂಬ ಸಲಹೆ ಸುಲಭವಾಗಿ ಬರುವುದು ಇದರಿಂದಲೇ.

ಪ್ಯಾಕೆಟ್ ಓದುವಾಗ ಮೊದಲು ಹುಡುಕಬೇಕಾದದ್ದು 'ಗ್ಲುಟೆನ್ ಫ್ರೀ' ಎಂಬ ಸ್ಪಷ್ಟ ಮಾತು. ಹಾಗೆ ಬರೆದ ತಯಾರಕ ಕಾನೂನಿನ ಪ್ರಕಾರ 20 ಪಿಪಿಎಂ ಒಳಗಿರಲು ಬದ್ಧ. 'ನೈಸರ್ಗಿಕ', 'ಹೋಲ್‌ಗ್ರೇನ್', 'ನೂರಕ್ಕೆ ನೂರು ಓಟ್ಸ್' ಎಂಬ ಮಾತುಗಳು ಗ್ಲುಟೆನ್ ಬಗ್ಗೆ ಏನೂ ಹೇಳುವುದಿಲ್ಲ. 'ಗೋಧಿ ಇರಬಹುದು' ಎಂಬ ಎಚ್ಚರಿಕೆ ಇದ್ದರೆ ಪ್ಯಾಕೆಟ್ಟನ್ನು ಅಲ್ಲೇ ಬಿಡಬೇಕು.

'ಗ್ಲುಟೆನ್ ಇರುವ ಧಾನ್ಯ: ಓಟ್ಸ್' ಎಂಬ ಸಾಲು ಮಾತ್ರ ಬೇರೆ ಸಂಗತಿ. ನಮ್ಮ ಲೇಬಲ್ ನಿಯಮದ ಅಲರ್ಜಿಕಾರಕಗಳ ಪಟ್ಟಿಯಲ್ಲಿ ಗೋಧಿ, ರೈ, ಬಾರ್ಲಿಗಳ ಜೊತೆಗೆ ಓಟ್ಸನ್ನೂ ಒಂದೇ ಗುಂಪಿಗೆ ಸೇರಿಸಲಾಗಿದೆ. ಹಾಗಾಗಿ ಆ ಸಾಲು ಬೆರಕೆಯಾಗಿದೆ ಎನ್ನುವುದಕ್ಕೂ ಆಗಿಲ್ಲ ಎನ್ನುವುದಕ್ಕೂ ಸಾಕ್ಷಿಯಲ್ಲ. ದೇಶದೇಶಕ್ಕೂ ನಿಲುವು ಬೇರೆ. ಯುರೋಪಿನಲ್ಲಿ 20 ಪಿಪಿಎಂ ಒಳಗಿರುವ ಓಟ್ಸನ್ನು ಗ್ಲುಟೆನ್ ಫ್ರೀ ಎಂದು ಮಾರಬಹುದು. ಆಸ್ಟ್ರೇಲಿಯಾದಲ್ಲಿ ಎಷ್ಟೇ ಶುದ್ಧವಾದ ಓಟ್ಸ್ ಇದ್ದರೂ ಹಾಗೆ ಬರೆಯುವಂತಿಲ್ಲ. ಅಲ್ಲಿಂದ ಬಂದ ಪ್ಯಾಕೆಟ್ಟಿನ ಮೇಲೆ ಆ ಮಾತು ಇಲ್ಲದಿರಲು ಇದೂ ಕಾರಣವಿರಬಹುದು.

ಮಸಾಲಾ ಓಟ್ಸ್, ಮ್ಯೂಸ್ಲಿ, ಓಟ್ಸ್ ಬಿಸ್ಕತ್ತುಗಳ ಕತೆಯೇ ಬೇರೆ. ಅವುಗಳಲ್ಲಿ ಗೋಧಿ ಹಿಟ್ಟು, ಗೋಧಿ ಅವಲಕ್ಕಿ, ಬಾರ್ಲಿಯಿಂದ ಬರುವ ಮಾಲ್ಟ್ ಪದಾರ್ಥವಾಗಿಯೇ ಇರಬಹುದು. ಶುದ್ಧ ಓಟ್ಸ್ ತಂದ ಮನೆಯಲ್ಲೂ ಉಪ್ಪಿಟ್ಟಿನ ಒಗ್ಗರಣೆಗೆ ಬೀಳುವ ಇಂಗನ್ನು ಮರೆಯಬಾರದು. ಅಂಗಡಿಯ ಪುಡಿ ಇಂಗಿನಲ್ಲಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸುವುದು ಸಾಮಾನ್ಯ. ಓಟ್ಸ್ ಇಡ್ಲಿ, ಓಟ್ಸ್ ದೋಸೆಯ ರೆಡಿ ಮಿಕ್ಸ್‌ಗಳಲ್ಲಿ ರವೆ ಇರುತ್ತದೆ. ಓಟ್ಸನ್ನು ಹಿಟ್ಟು ಮಾಡಿಸಲು ಬೀದಿಯ ಗಿರಣಿಗೆ ಕೊಟ್ಟರೆ ಹಿಂದಿನವರ ಗೋಧಿ ಹಿಟ್ಟು ಕಲ್ಲಿನಿಂದ ಸೇರಿಕೊಳ್ಳುತ್ತದೆ. ರಾಗಿ, ಜೋಳಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮನೆಯ ಮಿಕ್ಸಿಯೇ ಮೇಲು.

ಓಟ್ಸ್ ಕೂಡ ಒಗ್ಗದವರು

ಬೆರಕೆ ಇಲ್ಲದ ಓಟ್ಸ್ ಸಿಕ್ಕ ಮೇಲೂ ಒಂದು ಚಿಕ್ಕ ಗುಂಪು ಉಳಿಯುತ್ತದೆ. 2003ರಲ್ಲಿ ನಾರ್ವೆಯ ಸಂಶೋಧಕರು ಸೀಲಿಯಾಕ್ ಇರುವ 19 ವಯಸ್ಕರಿಗೆ ದಿನಕ್ಕೆ 50 ಗ್ರಾಂ ಶುದ್ಧ ಓಟ್ಸನ್ನು 12 ವಾರ ಕೊಟ್ಟರು. ಹೆಚ್ಚಿನವರಿಗೆ ಏನೂ ಆಗಲಿಲ್ಲ. ಒಬ್ಬರಿಗೆ ಮಾತ್ರ ಕರುಳಿನ ಚಾಚುಗಳು ಸವೆದವು. ಅವರ ರೋಗನಿರೋಧಕ ವ್ಯವಸ್ಥೆ ಅವೆನಿನ್ನಿಗೇ ಕೆರಳುತ್ತಿತ್ತು. ಯಾರು ಅಂಥವರೆಂದು ಮೊದಲೇ ಹೇಳಬಲ್ಲ ಪರೀಕ್ಷೆ ಆಸ್ಪತ್ರೆಗಳ ಬಳಕೆಯಲ್ಲಿಲ್ಲ.

ಹಾಗಾಗಿ ಓಟ್ಸ್ ತಿನ್ನಲು ಆರಂಭಿಸುವುದಕ್ಕೂ ಒಂದು ಕ್ರಮವಿದೆ. ಸೀಲಿಯಾಕ್ ಇದೆಯೆಂದು ತಿಳಿದ ಕೂಡಲೇ ಅದಕ್ಕೆ ಕೈಹಾಕಬಾರದು. ಮೊದಲು ಗ್ಲುಟೆನ್ ಬಿಟ್ಟು ಕರುಳು ಸುಧಾರಿಸಬೇಕು, ಟಿಟಿಜಿ ಎಂಬ ರಕ್ತಪರೀಕ್ಷೆಯ ಅಂಕಿ ಸಹಜಕ್ಕೆ ಇಳಿಯಬೇಕು. ಆಮೇಲೆ ವೈದ್ಯರಿಗೆ ತಿಳಿಸಿ, ಗ್ಲುಟೆನ್ ಫ್ರೀ ಎಂದು ಬರೆದ ಒಂದೇ ಬ್ರ್ಯಾಂಡಿನ ಓಟ್ಸನ್ನು ಸ್ವಲ್ಪಸ್ವಲ್ಪವಾಗಿ ಶುರುಮಾಡಬೇಕು. ವಯಸ್ಕರಿಗೆ ದಿನಕ್ಕೆ 50ರಿಂದ 70 ಗ್ರಾಂ, ಮಕ್ಕಳಿಗೆ 20ರಿಂದ 25 ಗ್ರಾಂ ಮೀರಬಾರದು. ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರಿಸುವುದುಂಟು. ನಾರಿನಂಶ ಒಮ್ಮೆಲೇ ಹೆಚ್ಚಿದರೆ ಯಾರಿಗಾದರೂ ಹಾಗಾಗುತ್ತದೆ, ಅದು ಗ್ಲುಟೆನ್ನಿನ ಗುರುತೇ ಆಗಬೇಕಿಲ್ಲ. ಇದರ ತಿರುವುಮುರುವೂ ನಿಜ. ಕರುಳು ಸದ್ದಿಲ್ಲದೆ ಸವೆಯುತ್ತಿರುವಾಗಲೂ ಅನೇಕರಿಗೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಆದ್ದರಿಂದ 'ನನಗೇನೂ ಆಗಲಿಲ್ಲ' ಎಂಬ ಅನುಭವವನ್ನು ನಂಬಿ ಕೂರುವಂತಿಲ್ಲ.

ಕೆಲವು ತಿಂಗಳ ನಂತರ ಟಿಟಿಜಿಯನ್ನು ಮತ್ತೊಮ್ಮೆ ನೋಡಬೇಕು. ಅಂಕಿ ಸಹಜವಾಗಿಯೇ ಇದ್ದರೆ ಆ ಪ್ಯಾಕೆಟ್ ಮತ್ತು ಆ ದೇಹ ಎರಡೂ ಸದ್ಯಕ್ಕೆ ಹೊಂದಿಕೊಂಡಿವೆ ಎಂದರ್ಥ. ಏರಿದ್ದರೆ ಓಟ್ಸ್ ನಿಲ್ಲಿಸಿ, ಅಡುಗೆಮನೆಯಲ್ಲಿ ಬೇರೆಲ್ಲಾದರೂ ಗ್ಲುಟೆನ್ ನುಸುಳಿದೆಯೇ ಎಂದು ಹುಡುಕಿ, ಅಂಕಿ ಇಳಿದ ಮೇಲೆ ಬೇರೆ ತಯಾರಕರ ಪ್ಯಾಕೆಟ್ಟಿನಿಂದ ಮತ್ತೊಮ್ಮೆ ಪ್ರಯತ್ನಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಆಗಲೂ ಏರಿದರೆ ಶಂಕೆ ಪ್ಯಾಕೆಟ್ಟಿನಿಂದ ಅವೆನಿನ್ನಿನತ್ತ ತಿರುಗುತ್ತದೆ. ಅಂಥವರು ಎಷ್ಟೇ ಶುದ್ಧವಾದ ಓಟ್ಸನ್ನೂ ಬಿಡುವುದೇ ಸರಿ.